ಪೇಟ್ರಿಯಾನ್‌ನಲ್ಲಿ ತಿಂಗಳ ಸಪೋರ್ಟ್ ನಿಲ್ಲಿಸೋದು, ಕೊನೇ ದುಡ್ಡು ಯಾವತ್ತು ಕಟ್ ಆಗುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಡ್‌ಕಾಸ್ಟ್ ಮಾಡೋರು, ಕಾಮಿಕ್ಸ್ ಬರೆಯೋರು, ಯೂಟ್ಯೂಬಲ್ಲಿ ಪಾಠ ಹೇಳೋರು ಇಂಥವರಿಗೆ ಪೇಟ್ರಿಯಾನ್ ಮೂಲಕ ತಿಂಗಳಿಗೆ ಮೂರು ಡಾಲರೋ ಐದು ಡಾಲರೋ ಕೊಡ್ತಿರೋ ಕನ್ನಡದವರು ಊರಲ್ಲೂ ಇದಾರೆ, ಹೊರದೇಶದಲ್ಲೂ ಇದಾರೆ. ಸೇರೋದು ಎಲ್ರಿಗೂ ಗೊತ್ತು, ಬಿಡೋವಾಗ ಮಾತ್ರ ಗೊಂದಲ, ಅದ್ರಲ್ಲೂ "ಇನ್ನೊಂದ್ಸಲ ಕಟ್ ಆಗುತ್ತಾ" ಅನ್ನೋದೇ ಎಲ್ರ ಪ್ರಶ್ನೆ. ಅದಕ್ಕೆ ಒಂದೊಂದಾಗಿ ಬಿಡಿಸಿ ಬರೆದಿದೀನಿ.

ಇವತ್ತು ಕ್ಯಾನ್ಸಲ್ ಮಾಡಿದ್ರೆ ಇನ್ನೊಂದ್ಸಲ ದುಡ್ಡು ಕಟ್ ಆಗುತ್ತಾ?

ಮುಂದಿನ ಬಿಲ್ಲಿಂಗ್ ಡೇಟ್ ಬರೋಕೆ ಮುಂಚೆ ಮಾಡಿದ್ರೆ ಆಗಲ್ಲ. ಆಗ್ಲೇ ಹೋಗಿದೆಯಲ್ಲ, ಅದೇ ನಿಮ್ಮ ಕೊನೇ ಚಾರ್ಜ್. ಕ್ಯಾನ್ಸಲ್ ಮಾಡಿದ್ದಕ್ಕೆ ಅಂತ ಬೇರೆ ಫೀಸ್ ಇಲ್ಲ, ನೋಟಿಸ್ ಪೀರಿಯಡ್ ಅಂತ ಒಂದು ತಿಂಗಳು ಹೆಚ್ಚಿಗೆ ಕಟ್ಟಿಸ್ಕೊಳ್ಳೋ ಪದ್ಧತೀನೂ ಇಲ್ಲ. ಹಾಗೇ ಉಳಿದ ದಿನಗಳ ದುಡ್ಡನ್ನ ಲೆಕ್ಕ ಹಾಕಿ ವಾಪಸ್ ಕೊಡೋದೂ ಇಲ್ಲ, ಅದರ ಬದಲು ದುಡ್ಡು ಕೊಟ್ಟ ಅವಧಿ ಮುಗಿಯೋವರೆಗೆ ಪೋಸ್ಟ್‌ಗಳು ತೆರೆದೇ ಇರತ್ತೆ. ಹಾಗಾಗಿ "ತಿಂಗಳು ಮುಗೀಲಿ ಆಮೇಲೆ ಕ್ಯಾನ್ಸಲ್ ಮಾಡೋಣ" ಅಂತ ಕಾಯೋದ್ರಿಂದ ಏನೂ ಲಾಭ ಇಲ್ಲ, ಮರೆತು ಇನ್ನೊಂದು ತಿಂಗಳು ಕಟ್ಟೋ ಅಪಾಯ ಮಾತ್ರ ಇದೆ.

ಸರಿ, ನನ್ನ ಬಿಲ್ಲಿಂಗ್ ಡೇಟ್ ಯಾವುದು? ಒಂದನೇ ತಾರೀಖಾ ಅಥವಾ ನಾನು ಸೇರಿದ ತಾರೀಖಾ?

ಇಲ್ಲೇ ಎಲ್ರೂ ಎಡವೋದು, ಯಾಕಂದ್ರೆ ಪೇಟ್ರಿಯಾನಲ್ಲಿ ಎಲ್ಲಾ ಕ್ರಿಯೇಟರ್‌ಗಳಿಗೂ ಒಂದೇ ನಿಯಮ ಇಲ್ಲ. ಬಿಲ್ಲಿಂಗ್ ಹೇಗೆ ಅನ್ನೋದು ಕ್ರಿಯೇಟರ್ ಪೇಜಿಗೆ ಸೇರಿದ್ದು, ನಿಮ್ಮ ಅಕೌಂಟಿಗಲ್ಲ. ಅಂದ್ರೆ ನೀವು ಇಬ್ರಿಗೆ ಸಪೋರ್ಟ್ ಮಾಡ್ತಿದ್ರೆ ಒಬ್ರದ್ದು ಒಂದನೇ ತಾರೀಖು ಕಟ್ ಆಗಿ ಇನ್ನೊಬ್ರದ್ದು 17ಕ್ಕೆ ಕಟ್ ಆಗ್ಬಹುದು.

ಹಳೇ ಪದ್ಧತಿ ಅಂದ್ರೆ ಎಲ್ರಿಗೂ ತಿಂಗಳ ಒಂದನೇ ತಾರೀಖು ಚಾರ್ಜ್ ಆಗೋದು. ಪೇಟ್ರಿಯಾನ್ ಶುರುವಾಗಿದ್ದು 2013ರಲ್ಲಿ, ಹಳೇ ಕ್ರಿಯೇಟರ್‌ಗಳಲ್ಲಿ ತುಂಬಾ ಜನ ಈ ಲೆಕ್ಕದಲ್ಲೇ ನಡೆಸ್ಕೊಂಡು ಬಂದವರು. ಇದರಲ್ಲೇ ಇನ್ನೊಂದು ಬಗೆ ಇದೆ, ಸೇರಿದ ಕೂಡ್ಲೇ ಒಂದ್ಸಲ ಚಾರ್ಜ್ ಆಗಿ, ಆಮೇಲೆ ಬರೋ ಒಂದನೇ ತಾರೀಖಿಂದ ಮತ್ತೆ ಮಾಮೂಲಿಯಾಗಿ ಹೋಗುತ್ತೆ. ಹೊಸ ಪದ್ಧತಿ ಅಂದ್ರೆ ಸಬ್‌ಸ್ಕ್ರಿಪ್ಷನ್ ಬಿಲ್ಲಿಂಗ್, ನೀವು ಯಾವ ತಾರೀಖು ಸೇರಿದ್ರೋ ಪ್ರತಿ ತಿಂಗಳು ಅದೇ ತಾರೀಖು. ಐಫೋನ್ ಆಪಲ್ಲಿ ಇರ್ಬೇಕಂದ್ರೆ ಎಲ್ಲಾ ಕ್ರಿಯೇಟರ್‌ಗಳೂ ಈ ಹೊಸ ಪದ್ಧತಿಗೆ ಬರ್ಬೇಕು ಅಂತ ಆಪಲ್ ಹೇಳ್ತಿದೆ ಅಂತ 2024ರ ಆಗಸ್ಟಲ್ಲಿ ಪೇಟ್ರಿಯಾನ್ ತಿಳಿಸ್ತು, ಆಮೇಲೆ ಅದರ ಗಡುವು ಮುಂದಕ್ಕೆ ಹೋಯ್ತು. ಅದಕ್ಕೇ ಎರಡೂ ಥರ ಪಕ್ಕಪಕ್ಕದಲ್ಲೇ ಸಿಗೋದು, ಮತ್ತೆ ನೀವು ಎರಡು ವರ್ಷದ ಹಿಂದೆ ಸೇರಿದ ಪೇಜು ಈಗ ಬೇರೆ ಪದ್ಧತಿಗೆ ಬದಲಾಗಿರಬಹುದು.

ಊಹೆ ಮಾಡೋದು ಬೇಡ, ಬ್ರೌಸರಲ್ಲಿ ಲಾಗಿನ್ ಆಗಿ patreon.com/settings/memberships ತೆಗೀರಿ, ಪ್ರತಿ ಕ್ರಿಯೇಟರ್ ಮೆಂಬರ್‌ಶಿಪ್ ವಿವರದಲ್ಲಿ ಮುಂದಿನ ಚಾರ್ಜ್ ಯಾವತ್ತು ಅಂತ ನೋಡ್ಕೊಳ್ಳಿ. ಜೊತೆಗೆ ಅದೇ ಸೆಟ್ಟಿಂಗ್ಸಲ್ಲಿ Billing history ತೆಗೆದು ಹಿಂದಿನ ಮೂರ್ನಾಲ್ಕು ತಿಂಗಳು ಯಾವ ತಾರೀಖು ಕಟ್ ಆಗಿದೆ ನೋಡಿ, ಎಲ್ಲಾ ಒಂದನೇ ತಾರೀಖೇ ಇದ್ರೆ ಹಳೇ ಪದ್ಧತಿ, ಬೇರೆ ಯಾವುದಾದ್ರೂ ಒಂದೇ ತಾರೀಖು ಪ್ರತಿ ತಿಂಗಳು ಬರ್ತಿದ್ರೆ ಹೊಸದು.

ತಿಂಗಳ ಲೆಕ್ಕ ಬಿಟ್ಟು ಪ್ರತಿ ಪೋಸ್ಟಿಗೆ ಇಷ್ಟು ಅಂತ ತಗೊಳ್ಳೋ ಪೇಜುಗಳೂ ಇವೆ, ಅವು ಬೇರೆ ಲೆಕ್ಕ, ಇಲ್ಲಿ ಹೇಳ್ತಿರೋದು ತಿಂಗಳ ಮೆಂಬರ್‌ಶಿಪ್ ಬಗ್ಗೆ ಮಾತ್ರ.

ಏಪ್ರಿಲ್ 26ಕ್ಕೆ ಸೇರ್ದೆ, ಐದೇ ದಿನಕ್ಕೆ ಮೇ 1ಕ್ಕೆ ಮತ್ತೆ ಕಟ್ ಆಯ್ತು. ಇದು ಮೋಸ ಅಲ್ವಾ?

ಸಿಟ್ಟು ಬರೋದು ಸಹಜ, ಆದ್ರೆ ಇದು ಮೇಲೆ ಹೇಳಿದ ನಡುವಿನ ಬಗೆ, ಸೇರಿದ ಕೂಡ್ಲೇ ಒಂದು ಮತ್ತೆ ಒಂದನೇ ತಾರೀಖಿಗೆ ಒಂದು. ಇದನ್ನೇ ಇಟ್ಕೊಂಡು ಪೂರ್ತಿ ಲೆಕ್ಕ ನೋಡೋಣ, ಆಗ ಕೊನೇ ಚಾರ್ಜ್ ವಿಷಯ ಸರಿಯಾಗಿ ಅರ್ಥ ಆಗುತ್ತೆ.

ಹುಬ್ಬಳ್ಳೀಲಿರೋ ಒಬ್ರು ಚಿತ್ರಕಲೆ ಹೇಳಿಕೊಡೋ ಕ್ರಿಯೇಟರ್‌ಗೆ ಏಪ್ರಿಲ್ 26ಕ್ಕೆ ಐದು ಡಾಲರ್ ಟಿಯರಲ್ಲಿ ಸೇರಿದ್ರು ಅಂದ್ಕೊಳ್ಳಿ. 26ಕ್ಕೆ ಐದು ಡಾಲರ್ ಹೋಯ್ತು, ಅದು ಏಪ್ರಿಲ್ ತಿಂಗಳ ಬಾಬ್ತು. ಮೇ 1ಕ್ಕೆ ಇನ್ನೈದು ಡಾಲರ್, ಅದು ಮೇ ತಿಂಗಳ ಬಾಬ್ತು. ಅವರು ಮೇ 3ಕ್ಕೆ ಬೇಜಾರಾಗಿ ಕ್ಯಾನ್ಸಲ್ ಮಾಡಿದ್ರು. ಈಗ ಕೊನೇ ಚಾರ್ಜ್ ಯಾವುದು? ಮೇ 1ರದ್ದೇ. ಮೇ 31ರವರೆಗೆ ಪೋಸ್ಟ್ ಎಲ್ಲಾ ನೋಡ್ಬಹುದು, ಜೂನ್ 1ಕ್ಕೆ ಏನೂ ಕಟ್ ಆಗಲ್ಲ. ಅದೇ ಅವರು ಏಪ್ರಿಲ್ 30ರೊಳಗೆ ಕ್ಯಾನ್ಸಲ್ ಮಾಡಿದ್ರೆ 26ರದ್ದೇ ಕೊನೇದಾಗ್ತಿತ್ತು, ಆದ್ರೆ ಏಪ್ರಿಲ್ ಮುಗಿದ ಕೂಡ್ಲೇ ಪೋಸ್ಟ್‌ಗಳೂ ಮುಚ್ಕೊಳ್ತಿದ್ವು, ಅಂದ್ರೆ ಐದು ಡಾಲರಿಗೆ ಐದು ದಿನ ಸಿಕ್ಕ ಹಾಗೆ.

ಇನ್ನು ಅದೇ ಕ್ರಿಯೇಟರ್ ಸಬ್‌ಸ್ಕ್ರಿಪ್ಷನ್ ಬಿಲ್ಲಿಂಗಲ್ಲಿ ಇದ್ದಿದ್ರೆ ಏಪ್ರಿಲ್ 26ಕ್ಕೆ ಒಂದು, ಮುಂದಿನದು ಮೇ 26ಕ್ಕೆ. ಮೇ 3ಕ್ಕೆ ಕ್ಯಾನ್ಸಲ್ ಮಾಡಿದ್ರೆ ಏಪ್ರಿಲ್ 26ರದ್ದೇ ಕೊನೇ ಚಾರ್ಜು, ಮೇ 26ರ ತನಕ ಓಪನ್. ಒಂದೇ ದಿನ ಕ್ಯಾನ್ಸಲ್ ಮಾಡಿದ್ರೂ ಒಂದು ಕಡೆ ಹತ್ತು ಡಾಲರ್ ಇನ್ನೊಂದು ಕಡೆ ಐದು. ಅದಕ್ಕೇ ನಾನು ಹೇಳೋದು, ಹಳೇ ಪದ್ಧತಿ ಪೇಜಾದ್ರೆ ತಿಂಗಳ ಕೊನೇ ವಾರದಲ್ಲಿ ಸೇರ್ಬೇಡಿ, ನಾಲ್ಕು ದಿನ ತಡ್ಕೊಂಡು ಒಂದನೇ ತಾರೀಖು ದಾಟಿದ ಮೇಲೆ ಸೇರಿ.

ಒಂದನೇ ತಾರೀಖು ಅಂದ್ರೆ ನಮ್ಮ ಟೈಮಾ, ಅಮೆರಿಕದ ಟೈಮಾ?

ಅಮೆರಿಕದ್ದು, ಅದ್ರಲ್ಲೂ ಪಶ್ಚಿಮ ಕರಾವಳಿ ಟೈಮು. ಪೇಟ್ರಿಯಾನ್ ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ತಿಂಗಳ ಬಿಲ್ಲಿಂಗೂ ಪೆಸಿಫಿಕ್ ಟೈಮ್ ಪ್ರಕಾರ. ಅಲ್ಲಿ ಮಧ್ಯರಾತ್ರಿ 12 ಆದಾಗ ನಮ್ಮಲ್ಲಿ ಬೇಸಿಗೆ ಲೆಕ್ಕದಲ್ಲಿ ಮಧ್ಯಾಹ್ನ 12:30, ಅವರು ನವೆಂಬರಲ್ಲಿ ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ ಮಾರ್ಚ್ ತನಕ ಮಧ್ಯಾಹ್ನ 1:30. ಅಂದ್ರೆ ಬೆಂಗಳೂರಲ್ಲಿ ಒಂದನೇ ತಾರೀಖು ಬೆಳಗ್ಗೆ ಎದ್ದು "ಅಯ್ಯೋ ಮರೆತೋಯ್ತು" ಅಂದ್ಕೊಂಡ್ರೂ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹಿಂದಿನ ತಿಂಗಳ ಕೊನೇ ದಿನಾನೇ ನಡೀತಿರುತ್ತೆ, ಕೂಡ್ಲೇ ಹೋಗಿ ಕ್ಯಾನ್ಸಲ್ ಒತ್ತಿ. ನ್ಯೂಜೆರ್ಸಿ ಕಡೆ ಇರೋರಿಗೆ ಇದು ಬೆಳಗಿನ ಜಾವ 3 ಗಂಟೆ.

ಆದ್ರೆ ಈ ಲೆಕ್ಕ ನಂಬ್ಕೊಂಡು ಕೊನೇ ಗಂಟೆವರೆಗೆ ಎಳೀಬೇಡಿ. ಲಾಗಿನ್ ಆಗೋಕೆ ಮೇಲಲ್ಲಿ ಕೋಡ್ ಬರ್ಬೇಕು, ಪಾಸ್‌ವರ್ಡ್ ಮರೆತಿರ್ತೀರ, ಆಮೇಲೆ ನೀವು ಸೇರಿದ್ದೇ ಬೇರೆ ಮೇಲ್ ಐಡೀಲಿ ಅಂತ ಗೊತ್ತಾಗುತ್ತೆ, ಇಷ್ಟರಲ್ಲಿ ಟೈಮ್ ಮೀರಿರುತ್ತೆ. ಸಬ್‌ಸ್ಕ್ರಿಪ್ಷನ್ ಬಿಲ್ಲಿಂಗ್ ಆದ್ರಂತೂ ಆ ದಿನ ಎಷ್ಟು ಹೊತ್ತಿಗೆ ಕಟ್ ಆಗುತ್ತೆ ಅಂತ ಕಾಯ್ಕೊಂಡು ಕೂರೋದ್ರಲ್ಲಿ ಅರ್ಥ ಇಲ್ಲ, ಎರಡು ದಿನ ಮುಂಚೆ ಮುಗಿಸಿ.

ಕ್ಯಾನ್ಸಲ್ ಮಾಡೋ ದಾರಿ ಹೇಳಿ.

ಮೊಬೈಲ್ ಆಪಿಗಿಂತ ಬ್ರೌಸರಲ್ಲಿ ಮಾಡೋದು ಸಲೀಸು. ಲಾಗಿನ್ ಆಗಿ, ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ Settings, ಅಲ್ಲಿ Memberships. ನಿಮ್ಮ ಕ್ರಿಯೇಟರ್‌ಗಳ ಪಟ್ಟಿ ಬರುತ್ತೆ, ಯಾರದ್ದು ನಿಲ್ಲಿಸ್ಬೇಕೋ ಅವರ ಮೆಂಬರ್‌ಶಿಪ್ ಬದಲಾಯಿಸೋ ಬಟನ್ ಒತ್ತಿ ಕೆಳಗೆ Cancel membership ಹುಡುಕಿ. ಆಮೇಲೆ ಯಾಕೆ ಬಿಡ್ತಿದೀರ ಅಂತ ಕೇಳುತ್ತೆ, ಕೊನೇಲಿ ಇನ್ನೊಂದ್ಸಲ ಖಾತ್ರಿ ಮಾಡಿ ಅನ್ನುತ್ತೆ. ಎಷ್ಟೋ ಜನ ಈ ಪ್ರಶ್ನೆ ಪುಟ ಬಂದಾಗ "ಆಯ್ತು" ಅಂದ್ಕೊಂಡು ಟ್ಯಾಬ್ ಮುಚ್ಚಿಬಿಡ್ತಾರೆ, ಆದ್ರೆ ಕೊನೇ ಬಟನ್ ಒತ್ತದೇ ಇದ್ರೆ ಕ್ಯಾನ್ಸಲ್ ಆಗಿರಲ್ಲ. ಆಗಿದೆ ಅಂತ ತಿಳಿಯೋಕೆ ಎರಡು ಗುರುತು ನೋಡಿ, ಒಂದು ಮೇಲಿಗೆ ಬರೋ ಕನ್ಫರ್ಮೇಶನ್, ಇನ್ನೊಂದು ವಾಪಸ್ Memberships ಪುಟಕ್ಕೆ ಹೋದ್ರೆ ಅಲ್ಲಿ ಮುಂದಿನ ಚಾರ್ಜ್ ತಾರೀಖಿನ ಬದಲು ಮೆಂಬರ್‌ಶಿಪ್ ಯಾವತ್ತು ಮುಗಿಯುತ್ತೆ ಅಂತ ಇರ್ಬೇಕು. ಆ ಪುಟದ ಸ್ಕ್ರೀನ್‌ಶಾಟ್ ಒಂದು ತೆಗೆದಿಟ್ಕೊಳ್ಳಿ, ತಾರೀಖು ಕಾಣೋ ಹಾಗೆ.

ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ, ಮೇಲ್‌ಗಳನ್ನ ಅನ್‌ಸಬ್‌ಸ್ಕ್ರೈಬ್ ಮಾಡಿದ್ರೆ, ಕ್ರಿಯೇಟರ್‌ನ ಯೂಟ್ಯೂಬಲ್ಲಿ ಅನ್‌ಫಾಲೋ ಮಾಡಿದ್ರೆ ಇದ್ಯಾವುದರಿಂದಲೂ ಮೆಂಬರ್‌ಶಿಪ್ ನಿಲ್ಲಲ್ಲ, ಚಾರ್ಜ್ ಬರ್ತಾನೇ ಇರುತ್ತೆ.

ನಾನು ಐಫೋನ್ ಆಪಿಂದ ಸೇರಿದ್ದು. ವೆಬ್‌ಸೈಟಲ್ಲೇ ಮಾಡ್ಬಹುದಾ?

ಐಫೋನಲ್ಲಿ ಆಪಲ್ ಮೂಲಕ ದುಡ್ಡು ಕಟ್ಟಿ ಸೇರಿದ್ರೆ ನಿಮ್ಮ ಕಾರ್ಡಿಂದ ತಗೊಳ್ತಿರೋದು ಆಪಲ್, ಪೇಟ್ರಿಯಾನ್ ನೇರವಾಗಿ ಅಲ್ಲ. ಹಾಗಾಗಿ ನಿಲ್ಲಿಸ್ಬೇಕಾಗಿರೋದೂ ಆಪಲ್ ಹತ್ರಾನೇ. ಐಫೋನಿನ Settings ತೆಗೆದು ಮೇಲಿರೋ ನಿಮ್ಮ ಹೆಸರು ಒತ್ತಿ, ಅಲ್ಲಿ Subscriptions, ಅದರಲ್ಲಿ ಪೇಟ್ರಿಯಾನ್ ಹುಡುಕಿ Cancel Subscription ಒತ್ತಿ. ಆ ಪಟ್ಟೀಲಿ ಪೇಟ್ರಿಯಾನ್ ಇಲ್ಲ ಅಂದ್ರೆ ನೀವು ವೆಬ್ ಮೂಲಕಾನೇ ಕಟ್ತಿದೀರ ಅಂತ ಅರ್ಥ, ಅಥವಾ ಬೇರೆ ಆಪಲ್ ಐಡೀಲಿ ಸೇರಿರ್ತೀರ.

ಇಲ್ಲಿ ಟೈಮ್ ವಿಷಯ ಬೇರೆ ಥರ. ಆಪಲ್ ರಿನ್ಯೂವಲ್ ದುಡ್ಡನ್ನ ಅವಧಿ ಮುಗಿಯೋಕೆ ಮುಂಚಿನ 24 ಗಂಟೆ ಒಳಗೇ ತಗೊಂಡುಬಿಡಬಹುದು, ಅಂದ್ರೆ 26ಕ್ಕೆ ರಿನ್ಯೂ ಅಂತ ತೋರಿಸ್ತಿದ್ರೆ 25ಕ್ಕೇ ಕಟ್ ಆಗೋ ಸಾಧ್ಯತೆ ಇದೆ. ಅದಕ್ಕೇ ಕೊನೇಪಕ್ಷ ಎರಡು ದಿನ ಮುಂಚೆ ಮಾಡಿ. ಇನ್ನೊಂದು ವಿಷಯ, ಬಿಲ್ ಮೇಲೆ ಪೇಟ್ರಿಯಾನ್ ಹೆಸರಿನ ಬದಲು ಆಪಲ್ ಹೆಸರು ಬಂದಿರುತ್ತೆ, ಸ್ಟೇಟ್‌ಮೆಂಟಲ್ಲಿ ಪೇಟ್ರಿಯಾನ್ ಅಂತ ಹುಡುಕ್ತಾ ಕೂತ್ರೆ ಸಿಗಲ್ಲ. ಆಪಲ್ ತಗೊಳ್ಳೋ ಪಾಲಿನಿಂದಾಗಿ ಐಫೋನ್ ಆಪಲ್ಲಿ ರೇಟೇ ಹೆಚ್ಚಿಗೆ ಇಟ್ಟಿರೋ ಕ್ರಿಯೇಟರ್‌ಗಳೂ ಇದಾರೆ, ಹಾಗಾಗಿ ಮುಂದೆ ಮತ್ತೆ ಸೇರೋದಿದ್ರೆ ಬ್ರೌಸರಿಂದ ಸೇರಿ, ನಿಮಗೂ ಕಮ್ಮಿ ಬೀಳುತ್ತೆ, ನಿಲ್ಲಿಸೋದೂ ಸುಲಭ.

ಲಾಗಿನ್ ಆದ್ರೆ ಯಾವ ಮೆಂಬರ್‌ಶಿಪ್ಪೂ ಕಾಣ್ತಿಲ್ಲ, ಆದ್ರೆ ದುಡ್ಡು ಮಾತ್ರ ಹೋಗ್ತಿದೆ!

ನಿಮಗೆ ಗೊತ್ತಿಲ್ದೇ ಎರಡು ಅಕೌಂಟ್ ಆಗಿರುತ್ತೆ. ಸೇರೋವಾಗ ಗೂಗಲ್ ಬಟನ್ ಒತ್ತಿ ಸೇರಿರ್ತೀರ, ಈಗ ಫೇಸ್‌ಬುಕ್ಕಿಂದಲೋ ಬೇರೆ ಮೇಲಿಂದಲೋ ಲಾಗಿನ್ ಆಗ್ತೀರ, ಅದು ಹೊಸ ಖಾಲಿ ಅಕೌಂಟನ್ನೇ ಮಾಡಿಬಿಡುತ್ತೆ. ಆಪಲ್ ಐಡಿ ಮೂಲಕ ಸೇರಿ ಮೇಲ್ ಐಡಿ ಮರೆಮಾಡೋ ಆಯ್ಕೆ ಒತ್ತಿದ್ರೆ ನಿಮ್ಮ ಅಕೌಂಟು @privaterelay.appleid.com ಅಂತ ಕೊನೆಯಾಗೋ ವಿಳಾಸದ ಮೇಲಿರುತ್ತೆ, ಅದು ಯಾರಿಗೂ ನೆನಪಿರಲ್ಲ. ಪರಿಹಾರ ಸುಲಭ, ನಿಮ್ಮ ಎಲ್ಲಾ ಮೇಲ್‌ಬಾಕ್ಸುಗಳಲ್ಲೂ ಪೇಟ್ರಿಯಾನ್ ರಶೀದಿ ಹುಡುಕಿ, ಕೆಲಸ ಬಿಟ್ಟ ಹಳೇ ಆಫೀಸ್ ಮೇಲ್ ಆಗಿರ್ಬಹುದು ಅನ್ನೋದನ್ನೂ ಯೋಚ್ನೆ ಮಾಡಿ. ರಶೀದಿ ಯಾವ ವಿಳಾಸಕ್ಕೆ ಬಂದಿದೆಯೋ ಆ ಅಕೌಂಟಿಗೆ ಲಾಗಿನ್ ಆಗಿ ಕ್ಯಾನ್ಸಲ್ ಮಾಡ್ಬೇಕು. ಖಾಲಿ ಅಕೌಂಟನ್ನ ಡಿಲೀಟ್ ಮಾಡಿ "ಮುಗೀತು" ಅಂದ್ಕೊಂಡ್ರೆ ಅಸಲಿ ಅಕೌಂಟ್ ಹಾಗೇ ನಡೀತಿರುತ್ತೆ.

ಮೇ ತಿಂಗಳಲ್ಲೇ ಕ್ಯಾನ್ಸಲ್ ಮಾಡಿದೀನಿ, ಜೂನ್ ಕ್ರೆಡಿಟ್ ಕಾರ್ಡ್ ಬಿಲ್ಲಲ್ಲಿ ಪೇಟ್ರಿಯಾನ್ ಬಂದಿದೆ. ಹೇಗೆ?

ಗಾಬರಿ ಆಗ್ಬೇಡಿ, ಮೊದ್ಲು ಆ ಸಾಲಿನ ತಾರೀಖು ನೋಡಿ. ಕಾರ್ಡ್ ಬಿಲ್ ಅಂದ್ರೆ ಕ್ಯಾಲೆಂಡರ್ ತಿಂಗಳಲ್ಲ. ನಿಮ್ಮ ಸ್ಟೇಟ್‌ಮೆಂಟ್ 12ನೇ ತಾರೀಖು ಆಗೋದಾದ್ರೆ ಜೂನ್ 12ರ ಬಿಲ್ಲಲ್ಲಿ ಮೇ 13ರಿಂದ ಜೂನ್ 12ರವರೆಗಿನ ಖರ್ಚು ಇರುತ್ತೆ. ಸಬ್‌ಸ್ಕ್ರಿಪ್ಷನ್ ಬಿಲ್ಲಿಂಗಲ್ಲಿ ಮೇ 26ಕ್ಕೆ ಕಟ್ ಆಗಿ ನೀವು ಮೇ 28ಕ್ಕೆ ಕ್ಯಾನ್ಸಲ್ ಮಾಡಿದ್ರೆ ಆ ಕೊನೇ ಚಾರ್ಜು ಜೂನ್ ಬಿಲ್ಲಲ್ಲೇ ಕಾಣ್ಬೇಕು, ಅದು ಸರಿಯಾಗೇ ಇದೆ.

ಸ್ಟೇಟ್‌ಮೆಂಟಲ್ಲಿ ಎರಡು ತಾರೀಖು ಕಾಣೋದೂ ಉಂಟು, ವ್ಯವಹಾರ ನಡೆದ ದಿನ ಒಂದು, ಬ್ಯಾಂಕ್ ಲೆಕ್ಕಕ್ಕೆ ಸೇರಿಸಿದ ದಿನ ಇನ್ನೊಂದು, ವಿದೇಶಿ ವ್ಯವಹಾರದಲ್ಲಿ ಇವೆರಡರ ಮಧ್ಯೆ ಎರಡು ಮೂರು ದಿನ ಅಂತರ ಇರ್ಬಹುದು. ಜೊತೆಗೆ ಪೇಟ್ರಿಯಾನಲ್ಲಿ ಒಂದನೇ ತಾರೀಖು ಲಕ್ಷಾಂತರ ಜನರ ಚಾರ್ಜು ಒಟ್ಟಿಗೆ ಹೋಗೋದ್ರಿಂದ ನಿಮ್ಮದು ಸ್ವಲ್ಪ ತಡವಾಗಿ ಬಂದ್ರೂ ಆಶ್ಚರ್ಯ ಇಲ್ಲ. ಹೋಲಿಸಿ ನೋಡ್ಬೇಕಾಗಿರೋದು ಪೇಟ್ರಿಯಾನಿನ Billing history ಜೊತೆ. ಅಲ್ಲಿ ಕ್ಯಾನ್ಸಲ್ ಆದ ಮೇಲಿನ ತಾರೀಖಿಗೆ ಆ ಕ್ರಿಯೇಟರ್ ಹೆಸರಲ್ಲಿ ಚಾರ್ಜ್ ಇದ್ರೆ ಮಾತ್ರ ಸಮಸ್ಯೆ.

ಕ್ಯಾನ್ಸಲ್ ಮಾಡಿದ್ದೀನಿ, ಆದ್ರೂ ಬ್ಯಾಂಕಿಂದ "ನಾಳೆ ಇಷ್ಟು ಕಟ್ ಆಗುತ್ತೆ" ಅಂತ ಮೆಸೇಜ್ ಬಂತು.

ಇದು ಭಾರತದ ಕಾರ್ಡ್ ಇರೋರಿಗೆ ಮಾತ್ರ ಬರೋ ಪ್ರಶ್ನೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಗಟ್ಟಿಯಾಗಿ ಜಾರಿಗೆ ಬಂತು, ಅದರ ಪ್ರಕಾರ ಕಾರ್ಡಿಂದ ತಿಂಗಳು ತಿಂಗಳು ತಾನಾಗೇ ಹೋಗೋ ದುಡ್ಡಿಗೆ ಕಟ್ ಆಗೋಕೆ ಕೊನೇಪಕ್ಷ 24 ಗಂಟೆ ಮುಂಚೆ ಬ್ಯಾಂಕು ಗ್ರಾಹಕರಿಗೆ ತಿಳಿಸ್ಬೇಕು, ಬೇಡ ಅನ್ನೋ ಅವಕಾಶಾನೂ ಕೊಡ್ಬೇಕು. ವಿದೇಶಿ ಕಂಪನಿಗೆ ಹೋಗೋ ದುಡ್ಡಿಗೂ ಇದು ಅನ್ವಯ.

ಆ ಮೆಸೇಜು ಮುಂಚಿತವಾಗಿ ಕೊಡೋ ಸೂಚನೆ ಅಷ್ಟೇ, ಕಟ್ ಆಗೇ ಆಗುತ್ತೆ ಅಂತಲ್ಲ. ಮೆಸೇಜ್ ಬಂದ ಮೇಲೆ ನೀವು ಕ್ಯಾನ್ಸಲ್ ಮಾಡಿದ್ರೂ, ಪೇಟ್ರಿಯಾನ್ ಕಡೆಯಿಂದ ದುಡ್ಡು ಕೇಳದೇ ಇದ್ರೆ ಬ್ಯಾಂಕು ತಾನಾಗಿ ಏನೂ ಕೊಡಲ್ಲ. ಆದ್ರೂ ಮನಸ್ಸಿಗೆ ಸಮಾಧಾನ ಬೇಕಂದ್ರೆ ಆ ಮೆಸೇಜಲ್ಲಿರೋ ದಾರೀಲೇ ಆ ಒಂದು ವ್ಯವಹಾರವನ್ನ ಬೇಡ ಅನ್ನಬಹುದು. ಲಿಂಕ್ ಒತ್ತೋ ಮುಂಚೆ ಮೆಸೇಜು ನಿಜವಾಗ್ಲೂ ನಿಮ್ಮ ಬ್ಯಾಂಕಿಂದಾನೇ ಬಂದಿದ್ಯಾ ನೋಡ್ಕೊಳ್ಳಿ, ಅನುಮಾನ ಇದ್ರೆ ಲಿಂಕ್ ಬಿಟ್ಟು ಬ್ಯಾಂಕ್ ಆಪಿಗೇ ಹೋಗಿ.

ಹಾಗಾದ್ರೆ ಪೇಟ್ರಿಯಾನ್ ಗೋಜೇ ಬೇಡ, ಬ್ಯಾಂಕಲ್ಲಿ ಮ್ಯಾಂಡೇಟ್ ತೆಗೆದುಬಿಟ್ರೆ ಸಾಕಲ್ವಾ?

ದುಡ್ಡು ನಿಲ್ಲುತ್ತೆ ನಿಜ, ಮೆಂಬರ್‌ಶಿಪ್ ನಿಲ್ಲಲ್ಲ. ಪೇಟ್ರಿಯಾನ್ ಲೆಕ್ಕದಲ್ಲಿ ನೀವು ಇನ್ನೂ ಮೆಂಬರ್ರೇ, ಪೇಮೆಂಟ್ ಮಾತ್ರ ಫೇಲ್ ಆಗಿದೆ ಅಂತ. ಅದು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ನಿಮಗೆ ಕಾರ್ಡ್ ಸರಿ ಮಾಡಿ ಅಂತ ಮೇಲ್ ಕಳಿಸ್ತಾ ಇರುತ್ತೆ, ಕ್ರಿಯೇಟರ್ ಪಟ್ಟೀಲಿ ನಿಮ್ಮ ಹೆಸರು ಪೇಮೆಂಟ್ ಆಗದವರ ಸಾಲಲ್ಲಿ ಕೂತಿರುತ್ತೆ. ಆಮೇಲೆ ಎಂದೋ ಒಂದು ದಿನ ಬೇರೆ ಕ್ರಿಯೇಟರ್‌ಗೋಸ್ಕರ ಹೊಸ ಕಾರ್ಡ್ ಸೇರಿಸಿದ್ರೆ ಹಳೇ ಬಾಕಿ ಅದರ ಮೇಲೆ ಬೀಳೋ ಅಪಾಯ ಇದೆ. ಕಾರ್ಡ್ ಎಕ್ಸ್‌ಪೈರ್ ಆಯ್ತು ತಾನಾಗೇ ಹೋಗುತ್ತೆ ಅಂತ ಬಿಡೋರಿಗೂ ಇದೇ ಮಾತು, ಬ್ಯಾಂಕು ಹೊಸ ಕಾರ್ಡಿನ ವಿವರವನ್ನ ಕಾರ್ಡ್ ನೆಟ್‌ವರ್ಕ್ ಮೂಲಕ ಅಪ್‌ಡೇಟ್ ಮಾಡೋ ದೇಶಗಳಲ್ಲಿ ಇರೋರಿಗೆ ಎಕ್ಸ್‌ಪೈರ್ ಆದ ಕಾರ್ಡಿನ ಚಾರ್ಜ್ ಹೊಸ ಕಾರ್ಡಿಗೆ ಮುಂದುವರಿಯೋದೂ ಉಂಟು.

ಸರಿಯಾದ ಕ್ರಮ ಅಂದ್ರೆ ಮೊದ್ಲು ಪೇಟ್ರಿಯಾನಲ್ಲಿ ಕ್ಯಾನ್ಸಲ್, ಕನ್ಫರ್ಮೇಶನ್ ಮೇಲ್ ಬಂದ ಮೇಲೆ ಬ್ಯಾಂಕಲ್ಲಿ ಮ್ಯಾಂಡೇಟ್ ತೆಗೆಯೋದು. ಮ್ಯಾಂಡೇಟ್ ಪಟ್ಟಿ ನಿಮ್ಮ ಬ್ಯಾಂಕ್ ಆಪಲ್ಲಿ ಇರ್ಬಹುದು, ಎಷ್ಟೋ ಬ್ಯಾಂಕಿನವರು sihub.in ಅನ್ನೋ ಸೈಟಿಗೆ ಕಳಿಸ್ತಾರೆ, ಅಲ್ಲಿ ಕಾರ್ಡ್ ಮೇಲಿರೋ ಎಲ್ಲಾ ಮ್ಯಾಂಡೇಟು ಕಾಣುತ್ತೆ. ಒಂದು ಎಚ್ಚರಿಕೆ, ನೀವು ಪೇಟ್ರಿಯಾನಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೊಡ್ತಿದ್ರೆ ಮ್ಯಾಂಡೇಟ್ ತೆಗೆದಾಗ ಉಳಿದವರಿಗೆ ಹೋಗೋದೂ ನಿಂತುಹೋಗ್ಬಹುದು, ಅಂಥಾ ಸಂದರ್ಭದಲ್ಲಿ ಬ್ಯಾಂಕ್ ಕಡೆ ಕೈಹಾಕ್ಬೇಡಿ.

ಐದು ಡಾಲರ್ ಅಂತ ಇದೆ, ಕೊನೇ ಚಾರ್ಜ್ ನಾನು ಅಂದ್ಕೊಂಡಿದ್ದಕ್ಕಿಂತ ಹೆಚ್ಚಿಗೆ ಬಂದಿದೆ. ಕ್ಯಾನ್ಸಲ್ ಫೀಸಾ?

ಅಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ಡಾಲರಿಗೆ 85 ರೂಪಾಯಿ ಇಟ್ಕೊಳ್ಳಿ, ಐದು ಡಾಲರ್ ಅಂದ್ರೆ 425. ನಿಮ್ಮ ಕಾರ್ಡಿಗೆ ವಿದೇಶಿ ವ್ಯವಹಾರದ ಮಾರ್ಕಪ್ 3.5 ಪರ್ಸೆಂಟ್ ಇದ್ರೆ ಅದು 14.88, ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂದ್ರೆ 2.68, ಒಟ್ಟು 442 ರೂಪಾಯಿ 56 ಪೈಸೆ. ಇದರ ಮೇಲೆ, 2020ರ ಜುಲೈಯಿಂದ ಪೇಟ್ರಿಯಾನ್ ನೀವಿರೋ ಜಾಗದ ಪ್ರಕಾರ ಟ್ಯಾಕ್ಸ್ ಸೇರಿಸೋಕೆ ಶುರು ಮಾಡಿದೆ, ಅದು ಸೇರಿದ್ರೆ ಮೂಲ ಮೊತ್ತಾನೇ ಐದು ಡಾಲರ್ ದಾಟಿರುತ್ತೆ. ಕೆಲವು ಬ್ಯಾಂಕು ಮಾರ್ಕಪ್ಪನ್ನೂ ಜಿಎಸ್‌ಟೀನೂ ಬೇರೆ ಸಾಲಾಗಿ, ಎರಡು ದಿನ ಆದ್ಮೇಲೆ ಹಾಕ್ತಾರೆ, ಅದನ್ನ ನೋಡಿ "ಕ್ಯಾನ್ಸಲ್ ಆದ್ಮೇಲೂ ಹದಿನೈದು ರೂಪಾಯಿ ಹೊಡೆದ್ರು" ಅಂತ ಅನ್ಸುತ್ತೆ, ಅದು ಹಿಂದಿನ ಚಾರ್ಜಿನ ಬಾಲ ಅಷ್ಟೇ.

ಒಂದು ದಿನ ತಡ ಆಯ್ತು, ಕಟ್ ಆಗೋಯ್ತು. ರೀಫಂಡ್ ಸಿಗುತ್ತಾ?

ಹಕ್ಕಿನಿಂದ ಸಿಗುತ್ತೆ ಅನ್ನೋಕಾಗಲ್ಲ, ಕೇಳಿದ್ರೆ ಸಿಗ್ಬಹುದು. ಪೇಟ್ರಿಯಾನಲ್ಲಿ ರೀಫಂಡ್ ಕೊಡೋದು ಬಹುತೇಕ ಕ್ರಿಯೇಟರ್ ಕೈಲೇ ಇರೋ ವಿಷಯ. ಮೊದ್ಲು ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡಿ, ಆಮೇಲೆ ಅವರಿಗೆ ಪೇಟ್ರಿಯಾನಲ್ಲೇ ಮೆಸೇಜ್ ಹಾಕಿ, ಯಾವ ತಾರೀಖಿನ ಚಾರ್ಜು, ಎಷ್ಟು, ಯಾಕೆ ಅಂತ ಎರಡು ಸಾಲು ಸಾಕು. ಕಟ್ ಆದ ದಿನವೇ ಕೇಳಿದ್ರೆ, ಆ ತಿಂಗಳ ಫೈಲುಗಳನ್ನ ಡೌನ್‌ಲೋಡ್ ಮಾಡ್ಕೊಳ್ಳದೇ ಇದ್ರೆ, ಒಪ್ಪೋ ಸಾಧ್ಯತೆ ಜಾಸ್ತಿ. ಆಪಲ್ ಮೂಲಕ ಕಟ್ಟಿದ್ದಾದ್ರೆ ಕ್ರಿಯೇಟರ್ ಏನೂ ಮಾಡೋಕಾಗಲ್ಲ, reportaproblem.apple.com ಗೆ ಹೋಗಿ ಅಲ್ಲೇ ಕೇಳ್ಬೇಕು.

ದಯವಿಟ್ಟು ಮೊದಲ ಹೆಜ್ಜೆಯಾಗಿ ಬ್ಯಾಂಕಲ್ಲಿ ಡಿಸ್ಪ್ಯೂಟ್ ಹಾಕ್ಬೇಡಿ. ನೀವೇ ಒಪ್ಪಿ ಸೇರಿದ ಮೆಂಬರ್‌ಶಿಪ್ಪಿಗೆ "ನಾನು ಮಾಡಿದ್ದಲ್ಲ" ಅಂದ್ರೆ ದುಡ್ಡು ಕ್ರಿಯೇಟರ್ ಲೆಕ್ಕದಿಂದ ವಾಪಸ್ ಹೋಗುತ್ತೆ, ಪೇಟ್ರಿಯಾನಲ್ಲಿ ನಿಮ್ಮ ಅಕೌಂಟಿಗೂ ತಡೆ ಬೀಳ್ಬಹುದು. ಒಂಟಿಯಾಗಿ ಮನೇಲಿ ಕೂತು ಕೆಲಸ ಮಾಡೋ ಮನುಷ್ಯನಿಗೆ ನಾನೂರು ರೂಪಾಯಿಗೋಸ್ಕರ ಹೀಗೆ ಮಾಡೋದು ನನಗಂತೂ ಸರಿ ಕಾಣಲ್ಲ, ಒಂದು ಮೆಸೇಜ್ ಹಾಕಿ ಕೇಳೋಕೆ ಎರಡೇ ನಿಮಿಷ.

ಕ್ಯಾನ್ಸಲ್ ಒತ್ತಿದ ಕೂಡ್ಲೇ ಎಲ್ಲಾ ಮುಚ್ಚಿಹೋಗುತ್ತಾ? ಡಿಸ್ಕಾರ್ಡ್, ಪಾಡ್‌ಕಾಸ್ಟ್ ಫೀಡ್?

ದುಡ್ಡು ಕೊಟ್ಟ ಅವಧಿ ಮುಗಿಯೋವರೆಗೆ ಇರತ್ತೆ. ಮುಗಿದ ಮೇಲೆ ಪೇಯ್ಡ್ ಪೋಸ್ಟ್ ಲಾಕ್ ಆಗುತ್ತೆ, ಹಳೇ ಪೋಸ್ಟೂ ಸೇರಿ, ನೀವು ಕಟ್ಟಿದ ತಿಂಗಳಲ್ಲಿ ಬಂದಿದ್ದಾದ್ರೂ ಸರಿ. ಅದಕ್ಕೆ ಕ್ರಿಯೇಟರ್ ಡೌನ್‌ಲೋಡಿಗೆ ಅಂತಾನೇ ಕೊಟ್ಟಿರೋ ಬ್ರಷ್, ಪಿಡಿಎಫ್, ಸ್ವರಲಿಪಿ ಏನಿದ್ರೂ ಮುಂಚೇನೇ ಇಳಿಸ್ಕೊಳ್ಳಿ. ಡಿಸ್ಕಾರ್ಡ್ ರೋಲ್ ಪೇಟ್ರಿಯಾನ್ ಬಾಟ್ ತಾನಾಗೇ ತೆಗೆಯುತ್ತೆ. ಪಾಡ್‌ಕಾಸ್ಟಿಗೆ ಅಂತ ನಿಮಗೇ ಕೊಟ್ಟಿರೋ ಖಾಸಗಿ ಆರ್‌ಎಸ್‌ಎಸ್ ಲಿಂಕ್ ಕೂಡ ಆಮೇಲೆ ಪೇಯ್ಡ್ ಎಪಿಸೋಡ್ ಕೊಡಲ್ಲ. ಕ್ರಿಯೇಟರಿಂದ ಮೇಲ್ ಬರ್ತಾನೇ ಇದ್ರೆ ಉಚಿತ ಮೆಂಬರ್ ಆಗಿ ಉಳಿದಿರ್ತೀರ, ಅದಕ್ಕೆ ದುಡ್ಡಿಲ್ಲ.

ವರ್ಷದ್ದು ಒಟ್ಟಿಗೆ ಕಟ್ಟಿದೀನಿ.

ಹಾಗಾದ್ರೆ ಕೊನೇ ಚಾರ್ಜು ಆಗ್ಲೇ ಆಗಿದೆ, ಮುಂದಿನದು ವರ್ಷ ತುಂಬಿದ ದಿನ. ಈಗ್ಲೇ ಕ್ಯಾನ್ಸಲ್ ಮಾಡಿ, ವರ್ಷ ಮುಗಿಯೋವರೆಗೆ ನೋಡ್ತಾ ಇರಿ. ವರ್ಷದ ಮೆಂಬರ್‌ಶಿಪ್ಪಲ್ಲಿ ಮರೆವು ದುಬಾರಿ, ಒಂದೇ ಏಟಿಗೆ ಹನ್ನೆರಡು ತಿಂಗಳದ್ದು ಹೋಗುತ್ತೆ.

ಕ್ರಿಯೇಟರಿಗೆ ನಾನು ಬಿಟ್ಟಿದ್ದು ಗೊತ್ತಾಗುತ್ತಾ? ಬೇಜಾರ್ ಮಾಡ್ಕೊಳ್ತಾರಾ?

ಗೊತ್ತಾಗುತ್ತೆ. ಕ್ಯಾನ್ಸಲ್ ಮಾಡೋವಾಗ ನೀವು ಕೊಡೋ ಕಾರಣಾನೂ ಅವರು ಓದ್ಬಹುದು. ಹಾಗಾಗಿ ಅಲ್ಲಿ ಖಾಲಿ ಬಿಡದೇ ನಿಜ ಬರೆಯಿರಿ, ಈ ತಿಂಗಳು ಕೈ ಬಿಗಿ ಇದೆ ಅಂತಲೋ, ಪೋಸ್ಟ್ ಕಮ್ಮಿ ಆಗಿದೆ ಅಂತಲೋ. ಬರೀ ಸಂಖ್ಯೆ ಇಳಿದಿದ್ದು ಕಂಡ್ರೆ ತಮ್ಮ ಕೆಲಸದಲ್ಲೇ ಏನೋ ತಪ್ಪಿದೆ ಅಂದ್ಕೊಳ್ತಾರೆ, ಕಾರಣ ಗೊತ್ತಾದ್ರೆ ಆ ಗೊಂದಲ ಇರಲ್ಲ. ಪೂರ್ತಿ ಬಿಡೋ ಮನಸ್ಸಿಲ್ಲ, ದುಡ್ಡಿನ ಕಷ್ಟ ಮಾತ್ರ ಅಂದ್ರೆ ಕ್ಯಾನ್ಸಲ್ ಬದಲು ಕಮ್ಮಿ ಟಿಯರಿಗೆ ಇಳೀಬಹುದು, ಅದನ್ನೂ ಮುಂದಿನ ಬಿಲ್ಲಿಂಗ್ ಡೇಟಿಗೆ ಮುಂಚೆಯೇ ಮಾಡಿ.

ಹಾಗಾದ್ರೆ ಕ್ಯಾನ್ಸಲ್ ಮಾಡೋಕೆ ಒಳ್ಳೇ ದಿನ ಯಾವುದು?

ಬಿಡ್ಬೇಕು ಅಂತ ತೀರ್ಮಾನ ಮಾಡಿದ ದಿನವೇ, ಇನ್ನೊಂದು ತಿಂಗಳು ಇರ್ಬೇಕು ಅಂತಿದ್ರೆ ಮುಂದಿನ ಚಾರ್ಜ್ ಆಗಿ ಸ್ಟೇಟ್‌ಮೆಂಟಲ್ಲಿ ಕಂಡ ಮಾರನೇ ದಿನ. ಆಗ ಪೂರ್ತಿ ತಿಂಗಳು ಕೈಲಿರುತ್ತೆ, ಕೊನೇ ಚಾರ್ಜ್ ಯಾವುದು ಅಂತ ಅನುಮಾನಾನೂ ಇರಲ್ಲ. ಆದ್ರೆ ಚಾರ್ಜ್ ಇನ್ನೂ ಪೆಂಡಿಂಗ್ ಅಂತ ತೋರಿಸ್ತಿರೋವಾಗ ಆತುರ ಬೇಡ, ಅದು ಮುಗೀಲಿ.

ಇಷ್ಟೆಲ್ಲಾ ಆದ್ಮೇಲೂ ನಿಜವಾಗ್ಲೂ ಮತ್ತೆ ಕಟ್ ಆದ್ರೆ?

ಕಟ್ ಆಗಿರೋ ಮೊತ್ತ ಯಾವ ಕ್ರಿಯೇಟರಿಗೆ ಹೋಗಿದೆ ಅಂತ Billing history ನೋಡಿ, ಎಷ್ಟೋ ಸಲ ಅದು ನೀವು ಮರೆತಿರೋ ಇನ್ನೊಬ್ರ ಮೆಂಬರ್‌ಶಿಪ್ ಆಗಿರುತ್ತೆ. ಅಲ್ಲಿ ಏನೂ ಇಲ್ಲ ಅಂದ್ರೆ ಎರಡನೇ ಅಕೌಂಟ್ ಅಥವಾ ಆಪಲ್ ಸಬ್‌ಸ್ಕ್ರಿಪ್ಷನ್ ಹುಡುಕಿ, ಮನೇಲಿ ಒಂದೇ ಕಾರ್ಡು ಮಕ್ಕಳೂ ಬಳಸ್ತಿದ್ರೆ ಅವರನ್ನೂ ಕೇಳಿ. ಇದ್ಯಾವುದೂ ಅಲ್ಲ, ಕ್ಯಾನ್ಸಲ್ ಮಾಡಿದ ಪೇಜಿಗೇ ಮತ್ತೆ ಹೋಗಿದೆ ಅಂತ ಖಾತ್ರಿಯಾದ್ರೆ ಪೇಟ್ರಿಯಾನ್ ಸಪೋರ್ಟಿಗೆ ಬರೀರಿ. ಕ್ಯಾನ್ಸಲ್ ಕನ್ಫರ್ಮೇಶನ್ ಮೇಲು, ಆವತ್ತಿನ ಸ್ಕ್ರೀನ್‌ಶಾಟು, ಚಾರ್ಜಿನ ತಾರೀಖು ಮತ್ತು ಮೊತ್ತ, ಅಕೌಂಟಿನ ಮೇಲ್ ಐಡಿ ಇಷ್ಟು ಒಂದೇ ಮೆಸೇಜಲ್ಲಿ ಹಾಕಿ, ಕಾರ್ಡಿನ ಪೂರ್ತಿ ನಂಬರ್ ಯಾರು ಕೇಳಿದ್ರೂ ಕೊಡ್ಬೇಡಿ, ಕೊನೇ ನಾಲ್ಕು ಅಂಕಿ ಸಾಕು. ಅವರಿಂದ ಸರಿಯಾದ ಉತ್ತರ ಬರಲಿಲ್ಲ ಅಂದ್ರೆ ಆಗ ಬ್ಯಾಂಕಲ್ಲಿ ಡಿಸ್ಪ್ಯೂಟ್ ಹಾಕಿ, ಅದೇ ಮೇಲು ಅದೇ ಸ್ಕ್ರೀನ್‌ಶಾಟು ಅಲ್ಲೂ ಕೆಲಸಕ್ಕೆ ಬರುತ್ತೆ.